ಫೀಸು ತಗೊಂಡು ಕೇಸೇ ಹಾಕದ ವಕೀಲರ ಮೇಲೆ ದೂರು: ವಕೀಲರ ಪರಿಷತ್ತಿಗೆ ಬರೆಯುವ ಪತ್ರ ಹೇಗಿರಬೇಕು?

ನಮ್ಮ ಚಿಕ್ಕಮ್ಮ ತವರು ಮನೆಯ ಆಸ್ತಿಯಲ್ಲಿ ಪಾಲು ಕೇಳಿ ದಾವೆ ಹಾಕಬೇಕು ಅಂತ ಒಬ್ಬ ವಕೀಲರ ಹತ್ತಿರ ಹೋದರು. 2023ರ ಜೂನ್ 12ರಂದು ಯುಪಿಐ ಮೂಲಕ 25,000 ರೂಪಾಯಿ ಕೊಟ್ಟರು. ಅದೇ ದಿನ ವಕಾಲತ್ತಿಗೆ ಸಹಿ ಮಾಡಿದರು. ಜೂನ್ 23ರಂದು ಕೋರ್ಟ್ ಖರ್ಚಿಗೆ ಅಂತ 15,000 ನಗದು ಕೊಟ್ಟರು. ಆಮೇಲೆ ಹದಿನಾಲ್ಕು ತಿಂಗಳು ಫೋನ್ ಮಾಡಿದಾಗಲೆಲ್ಲ ಒಂದೊಂದು ಉತ್ತರ. ಕೇಸ್ ಹಾಕಿದೀನಿ, ನಂಬರ್ ಆಗಬೇಕು, ಜಡ್ಜ್ ರಜಾ, ಡೇಟ್ ಮುಂದಕ್ಕೆ ಹೋಗಿದೆ. ಕೊನೆಗೆ ನೋಡಿದರೆ ದಾವೆಯೇ ದಾಖಲಾಗಿರಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮನ ಅಣ್ಣ ಒಂದು ಸೈಟನ್ನು ಮಾರಿಯೂ ಆಗಿತ್ತು.

ವಿಷಯ ಗೊತ್ತಾದ ರಾತ್ರಿ ಚಿಕ್ಕಮ್ಮ ಐದು ಪುಟದ ದೂರು ಬರೆದಿಟ್ಟಿದ್ದರು. ಅದರಲ್ಲಿ ಮೋಸಗಾರ, ಹೆಂಗಸರನ್ನ ಏಮಾರಿಸುವವನು, ಅಣ್ಣನ ಜೊತೆ ಸೇರಿಕೊಂಡಿದ್ದಾನೆ ಅಂತೆಲ್ಲ ಇತ್ತು. ದುಡ್ಡು ಕೊಟ್ಟ ತಾರೀಖು ಮಾತ್ರ ಎಲ್ಲೂ ಇರಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಪತ್ರವನ್ನು ಓದುವವರಿಗೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಆ ಐದು ಪುಟವನ್ನು ನಾವಿಬ್ಬರೂ ಕೂತು ಎರಡು ಪುಟಕ್ಕೆ ಇಳಿಸಿದೆವು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಪತ್ರಕ್ಕಿಂತ ಮೊದಲು ನಿಮ್ಮ ಕೇಸು

ದೂರಿಗಿಂತ ಮೊದಲು ಮಾಡಬೇಕಾದ್ದು ಒಂದಿದೆ. ಬೇರೆ ವಕೀಲರನ್ನು ನೋಡಿ ಮೂಲ ಕೆಲಸ ಶುರು ಮಾಡಿಸಿ. ಪರಿಷತ್ತಿಗೆ ದೂರು ಕೊಟ್ಟರೆ ನಿಮ್ಮ ದಾವೆಯ ಕಾಲಮಿತಿ ನಿಲ್ಲುವುದಿಲ್ಲ. ಸಾಲ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷ ಇರುತ್ತದೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಲೆಕ್ಕ ದಿನಗಳಲ್ಲೇ ಇರುತ್ತದೆ. ನಮ್ಮ ಚಿಕ್ಕಮ್ಮನ ಪ್ರಕರಣದಲ್ಲಿ ತಡದಿಂದ ಆದ ಪೆಟ್ಟು ಬೇರೆ ಥರದ್ದು. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ, ದಾವೆ ನಡೆಯುತ್ತಿರುವಾಗ ಆ ಆಸ್ತಿಯನ್ನು ಮಾರಿದರೆ, ಕೊಂಡವನೂ ತೀರ್ಪಿಗೆ ಬದ್ಧ. ವಕೀಲರು ಹೇಳಿದಂತೆ 2023ರಲ್ಲೇ ದಾವೆ ಹಾಕಿದ್ದರೆ 2024ರ ಫೆಬ್ರವರಿಯ ಮಾರಾಟ ಈ ಕಲಂ ಕೆಳಗೆ ಬರುತ್ತಿತ್ತು. ದಾವೆ ಇಲ್ಲದ್ದರಿಂದ ಈಗ ಕೊಂಡವರನ್ನೂ ಪ್ರತಿವಾದಿ ಮಾಡಿ ಹೊಸದಾಗಿ ಹೋರಾಡಬೇಕಾಗಿದೆ. ಕೆಲಸ ಮಾಡಲಿಲ್ಲ ಅನ್ನುವ ಮಾತಿಗೆ ತೂಕ ಬರುವುದು ಇಂಥ ಕಡೆ. ಆದ್ದರಿಂದ ನಿಮಗೆ ಆದ ನಷ್ಟ ಏನು ಅನ್ನುವುದನ್ನು ಕಾಗದದ ಮೇಲೆ ತೋರಿಸುವಂತಿರಬೇಕು. ಚಿಕ್ಕಮ್ಮ ಸಬ್‌ ರಿಜಿಸ್ಟ್ರಾರ್ ಕಚೇರಿಯ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದರು. ಮಾರಾಟದ ತಾರೀಖು ಅದರಲ್ಲಿ ಇತ್ತು.

ಹಳೆಯ ವಕೀಲರು ಫೈಲು ಕೊಡಲ್ಲ, ಬಾಕಿ ಫೀಸು ಕೊಟ್ಟರೆ ಮಾತ್ರ ಕೊಡ್ತೀನಿ ಅಂದರೆ? ಹಾಗೆ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಫೀಸು ಬಾಕಿಯಿದ್ದರೆ ವಸೂಲಿಗೆ ಬೇರೆ ದಾರಿ ಇದೆ, ಕಕ್ಷಿದಾರರ ಕಾಗದಪತ್ರ ವಾಪಸ್ ಕೊಡದಿರುವುದೇ ವೃತ್ತಿ ದುರ್ನಡತೆ ಅಂತ ಆ ತೀರ್ಪಿನಲ್ಲಿದೆ.

ದಾವೆ ಹಾಕಿಲ್ಲ ಅನ್ನುವುದು ಖಚಿತವೇ?

ಜಾಸ್ತಿ ಜನ ಎಡವುವುದು ಇಲ್ಲೇ. ecourts.gov.in ತಾಣದಲ್ಲಿ ಹೆಸರು ಹಾಕಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ, ಕೇಸೇ ಹಾಕಿಲ್ಲ ಅಂತ ಬರೆದುಬಿಡುತ್ತಾರೆ. ಆದರೆ ಸಿಗದಿರಲು ಬೇರೆ ಕಾರಣಗಳೂ ಇರುತ್ತವೆ. ಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆ ಇರಬಹುದು. ನಾಗರತ್ನಮ್ಮ ಅನ್ನುವ ಒಂದೇ ಹೆಸರನ್ನು ನಾಲ್ಕು ರೀತಿ ಬರೆಯುತ್ತಾರೆ, ಅಲ್ವಾ? ನೀವು ಹುಡುಕಿದ ಕೋರ್ಟು ಬೇರೆ, ಹಾಕಿದ ಕೋರ್ಟು ಬೇರೆ ಆಗಿರಬಹುದು. ಇಲ್ಲವೇ ದಾವೆಯನ್ನು ಕೋರ್ಟಿಗೆ ಕೊಟ್ಟಿದ್ದು, ಕಚೇರಿಯವರು ಆಕ್ಷೇಪಣೆ ಎತ್ತಿ, ಅದು ಸರಿಯಾಗದೆ ನಂಬರೇ ಬೀಳದೆ ಕೂತಿರಬಹುದು. ಆಗ ವಕೀಲರು ಒಂದು ಫೈಲಿಂಗ್ ಸಂಖ್ಯೆ ತೋರಿಸಿಬಿಟ್ಟರೆ ನಿಮ್ಮ ದೂರಿನ ಮೊದಲ ಸಾಲೇ ಸುಳ್ಳಾಗುತ್ತದೆ. ಉಳಿದದ್ದನ್ನೂ ಅನುಮಾನದಿಂದ ಓದುತ್ತಾರೆ.

ಹಾಗಾಗಿ ನಿಮ್ಮ ಹೆಸರು, ಎದುರು ಪಕ್ಷದವರ ಹೆಸರು, ವಕೀಲರ ಹೆಸರು, ಈ ಮೂರರಿಂದಲೂ ಹುಡುಕಿ. ಕಾಗುಣಿತ ಬದಲಿಸಿ ಹುಡುಕಿ. ಆ ಪುಟಗಳನ್ನು ತಾರೀಖು ಕಾಣುವಂತೆ ಮುದ್ರಿಸಿಟ್ಟುಕೊಳ್ಳಿ. ಆಮೇಲೆ ಆ ಕೋರ್ಟಿನ ಕಚೇರಿಗೇ ಹೋಗಿ ವಿಚಾರಿಸಿ. ಲಿಖಿತ ಉತ್ತರ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಇಂಥ ಅವಧಿಯಲ್ಲಿ ಇಂಥವರ ಹೆಸರಿನಲ್ಲಿ ದಾವೆ ಸಲ್ಲಿಕೆಯಾಗಿದೆಯೇ ಎಂದು ಕೇಳಿ. ದಾವೆ ದಾಖಲಾಗಿದ್ದು ವಕೀಲರು ಹಾಜರಾಗದೆ ವಜಾ ಆಗಿದ್ದರೆ ಕೆಲಸ ಇನ್ನೂ ಸುಲಭ. ಆದೇಶ ಹಾಳೆಯ ದೃಢೀಕೃತ ನಕಲು ತೆಗೆಸಿ. ವಾದಿ ಪರ ವಕೀಲರು ಗೈರು ಅಂತ ಯಾವ ಯಾವ ದಿನ ಬರೆದಿದೆ ಅನ್ನುವುದು ಅದರಲ್ಲೇ ಇರುತ್ತದೆ.

ಪತ್ರದಲ್ಲಿ ಕೂಡ ನಿಮಗೆ ಗೊತ್ತಿರುವಷ್ಟನ್ನೇ ಬರೆಯಿರಿ. "ದಾವೆ ಹಾಕಿಲ್ಲ" ಅನ್ನುವ ಬದಲು "2024ರ ಆಗಸ್ಟ್ 20ರಂದು ಈ ಹೆಸರುಗಳಿಂದ ಹುಡುಕಿದಾಗ ಯಾವ ದಾವೆಯೂ ಕಾಣಲಿಲ್ಲ, ಮುದ್ರಿತ ಪುಟ ಲಗತ್ತು 5" ಅಂತ ಬರೆದರೆ ಆ ಸಾಲನ್ನು ಯಾರೂ ಸುಳ್ಳು ಮಾಡಲಾರರು.

ವಕೀಲರಿಗೇ ಮೊದಲು ಒಂದು ಪತ್ರ

ದೂರಿಗೆ ಮೊದಲು ವಕೀಲರಿಗೆ ಒಂದು ಚಿಕ್ಕ ಪತ್ರ ಬರೆಯಬೇಕು ಅಂತ ಕಾಯ್ದೆಯಲ್ಲಿ ಕಡ್ಡಾಯ ಇಲ್ಲ. ಆದರೂ ನಾನು ಬರೆಯಲೇಬೇಕು ಅನ್ನುತ್ತೇನೆ. ಉತ್ತರ ಬಂದರೆ ಅದು ಅವರ ಕೈಬರಹದ ದಾಖಲೆ. ಬರದಿದ್ದರೆ ಆ ಮೌನವೂ ದಾಖಲೆಯೇ.

ಚಿಕ್ಕಮ್ಮನ ಪತ್ರದಲ್ಲಿ ಕೇಳಿದ್ದು ನಾಲ್ಕೇ ವಿಷಯ. ದಾವೆ ಹಾಕಿದ್ದರೆ ಅದರ ಸಂಖ್ಯೆ ಮತ್ತು ಸಲ್ಲಿಸಿದ ತಾರೀಖು ತಿಳಿಸಿ. ಕೊಟ್ಟ 40,000 ರೂಪಾಯಿಯ ಲೆಕ್ಕ ಕೊಡಿ. ಕೊಟ್ಟ ಮೂಲ ಕಾಗದಗಳನ್ನು ವಾಪಸ್ ಮಾಡಿ. ದಾವೆ ಹಾಕಿಲ್ಲದಿದ್ದರೆ ಹಣ ಹಿಂತಿರುಗಿಸಿ. ಪತ್ರ ತಲುಪಿದ 15 ದಿನದೊಳಗೆ ಉತ್ತರ ಕೊಡಿ ಅಂತ ಕೊನೆಯಲ್ಲಿ ಇತ್ತು. ಈ ಬೇಡಿಕೆಗಳು ಸುಮ್ನೆ ಕೇಳಿದ್ದಲ್ಲ. ಭಾರತೀಯ ವಕೀಲರ ಪರಿಷತ್ತಿನ ನಡಾವಳಿ ನಿಯಮಗಳಲ್ಲೇ ಇವೆ. ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕು, ಯಾವುದು ಫೀಸು ಯಾವುದು ಖರ್ಚಿನ ಹಣ ಅಂತ ಬೇರೆ ಬೇರೆ ಗುರುತಿಸಬೇಕು, ಕೇಳಿದಾಗ ಲೆಕ್ಕದ ನಕಲು ಕೊಡಬೇಕು. ಒಪ್ಪಿಕೊಂಡ ಕೇಸನ್ನು ಬಿಡುವುದಾದರೆ ಸಾಕಷ್ಟು ಮೊದಲೇ ತಿಳಿಸಬೇಕು, ದುಡಿಯದೆ ಉಳಿದ ಫೀಸನ್ನು ಹಿಂದಕ್ಕೆ ಕೊಡಬೇಕು ಎಂದು 12ನೇ ನಿಯಮ ಹೇಳುತ್ತದೆ.

ಒಂದು ಎಚ್ಚರ. "ಹಣ ಕೊಡದಿದ್ದರೆ ಪರಿಷತ್ತಿಗೆ ಹೋಗಿ ನಿನ್ನ ಸನ್ನದು ತೆಗೆಸುತ್ತೇನೆ" ಎಂದು ಎಲ್ಲಿಯೂ ಬರೆಯಬೇಡಿ, ವಾಟ್ಸ್ಆ್ಯಪ್‌ನಲ್ಲೂ ಬೇಡ. ನಾಳೆ ಅದೇ ಸಾಲನ್ನು ತೋರಿಸಿ, ಬೆದರಿಸಿ ಹಣ ಕೇಳಿದರು ಅಂತ ಅವರು ಹೇಳಬಹುದು. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಂಚೆ ರಸೀದಿ ಇಟ್ಟುಕೊಳ್ಳಿ. ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಆವತ್ತೇ ಮುದ್ರಿಸಿ, ತಿಂಗಳುಗಟ್ಟಲೆ ಬಿಟ್ಟು ನೋಡಿದರೆ ಅದು ಸಿಗದೇ ಹೋಗಬಹುದು.

ಯಾರಿಗೆ ಬರೆಯಬೇಕು

ಊರಿನ ಕೋರ್ಟ್ ಆವರಣದಲ್ಲಿರುವುದು ವಕೀಲರ ಸಂಘ. ಅದು ಬೇರೆ, ಪರಿಷತ್ತು ಬೇರೆ. ಸಂಘದ ಅಧ್ಯಕ್ಷರು ಕರೆದು ಮಾತಾಡಿಸಿ ರಾಜಿ ಮಾಡಿಸಬಹುದು, ಅದರಾಚೆಗೆ 1961ರ ವಕೀಲರ ಕಾಯ್ದೆಯ ಪ್ರಕಾರ ಶಿಸ್ತು ಕ್ರಮ ಕೈಗೊಳ್ಳುವ ಅಧಿಕಾರ ಸಂಘಕ್ಕೆ ಇಲ್ಲ. ಆ ಅಧಿಕಾರ ಇರುವುದು ವಕೀಲರು ಯಾವ ರಾಜ್ಯದ ಪಟ್ಟಿಯಲ್ಲಿ ನೋಂದಣಿಯಾಗಿದ್ದಾರೋ ಆ ರಾಜ್ಯದ ಪರಿಷತ್ತಿಗೆ. ನಮ್ಮಲ್ಲಿ ಅದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ವಕಾಲತ್ತಿನ ಮೇಲೆ ವಕೀಲರ ನೋಂದಣಿ ಸಂಖ್ಯೆ ಇರುತ್ತದೆ. KAR ಅಂತ ಶುರುವಾಗಿ, ಒಂದು ಸಂಖ್ಯೆ, ಆಮೇಲೆ ವರ್ಷ. ಕಾಸರಗೋಡಿನಲ್ಲೋ ಸೊಲ್ಲಾಪುರದಲ್ಲೋ ಇರುವ ಕನ್ನಡಿಗರು ಇದನ್ನು ನೋಡಿಕೊಂಡೇ ಬರೆಯಬೇಕು. ಅಲ್ಲಿನ ವಕೀಲರು ಬೇರೆ ರಾಜ್ಯದ ಪಟ್ಟಿಯಲ್ಲಿರುತ್ತಾರೆ.

ನಾವು ಪತ್ರ ಅನ್ನುತ್ತೇವೆ, ಆದರೆ ನಿಯಮ ಕೇಳುವುದು ಅರ್ಜಿಯ ರೂಪದ ದೂರು. ಅದಕ್ಕೆ ಸಹಿ ಇರಬೇಕು, ಸಿವಿಲ್ ದಾವೆಯಲ್ಲಿ ಇರುವಂಥ ಸತ್ಯಾಪನೆಯೂ ಇರಬೇಕು. ಸತ್ಯಾಪನೆ ಅಂದರೆ ಮೇಲಿನದೆಲ್ಲ ನಿಜ ಎಂದು ಕೊನೆಯಲ್ಲಿ ಬರೆದು ಸಹಿ ಹಾಕುವ ಪ್ಯಾರಾ. ಭಾಷೆಯ ವಿಷಯದಲ್ಲಿ ಹೆದರಬೇಕಿಲ್ಲ. ರಾಜ್ಯಭಾಷೆಯಲ್ಲಿ ದೂರು ಕೊಡಬಹುದು ಎಂದು ನಿಯಮದಲ್ಲೇ ಇದೆ. ಕನ್ನಡದಲ್ಲೇ ಕೊಡಿ. ಮುಂದೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ಹೋದರೆ ಇಂಗ್ಲಿಷಿಗೆ ಅನುವಾದ ಮಾಡಿಸುವುದು ರಾಜ್ಯ ಪರಿಷತ್ತಿನ ಕೆಲಸ. ಶುಲ್ಕ ಎಷ್ಟು, ಎಷ್ಟು ಪ್ರತಿ ಬೇಕು, ಅಫಿಡವಿಟ್ ಬೇಕೇ ಅನ್ನುವುದನ್ನು ಕಚೇರಿಯಲ್ಲಿ ಕೇಳಿಕೊಂಡೇ ಹೋಗಿ. ಕೊರತೆ ಇದ್ದರೆ ಕಾರ್ಯದರ್ಶಿ ವಾಪಸ್ ಕಳಿಸಿ ಸರಿಪಡಿಸಲು ಹೇಳುತ್ತಾರೆ, ಅದರಲ್ಲೇ ವಾರಗಳು ಹೋಗುತ್ತವೆ.

ಪತ್ರದ ಒಳಗೆ

ಚಿಕ್ಕಮ್ಮ ಮೊದಲು ಬರೆದಿದ್ದ ಒಂದು ಪ್ಯಾರಾ ಹೀಗಿತ್ತು:

"ಈ ವಕೀಲರು ನನ್ನ ಅಮಾಯಕತೆಯನ್ನು ದುರುಪಯೋಗ ಮಾಡಿಕೊಂಡು ಸಾವಿರಾರು ರೂಪಾಯಿ ದೋಚಿ ವರ್ಷಗಟ್ಟಲೆ ಸುಳ್ಳು ಹೇಳುತ್ತಾ ಬಂದಿದ್ದಾರೆ. ನನ್ನ ಅಣ್ಣನಿಂದಲೂ ಹಣ ತೆಗೆದುಕೊಂಡಿರುತ್ತಾರೆ."

ಅದೇ ವಿಷಯ ಕೊನೆಗೆ ಪತ್ರದಲ್ಲಿ ಬಂದದ್ದು ಹೀಗೆ:

"3. ದಿನಾಂಕ 12-06-2023ರಂದು ಫೀಸು ಎಂದು 25,000 ರೂಪಾಯಿಯನ್ನು ಯುಪಿಐ ಮೂಲಕ ಪಾವತಿಸಿದ್ದೇನೆ (ಬ್ಯಾಂಕ್ ಸ್ಟೇಟ್‌ಮೆಂಟ್, ಲಗತ್ತು 2). ಅದೇ ದಿನ ವಕಾಲತ್ತಿಗೆ ಸಹಿ ಮಾಡಿದ್ದೇನೆ (ಲಗತ್ತು 1).

4. ದಿನಾಂಕ 23-06-2023ರಂದು ಕೋರ್ಟ್ ಖರ್ಚಿಗೆ ಎಂದು 15,000 ರೂಪಾಯಿ ನಗದು ಕೊಟ್ಟಿದ್ದೇನೆ. ಇದಕ್ಕೆ ರಸೀದಿ ಕೊಟ್ಟಿಲ್ಲ. ಅದೇ ಸಂಜೆ 'ಹದಿನೈದು ಬಂತು ಅಮ್ಮ, ಸೋಮವಾರ ಫೈಲ್ ಮಾಡ್ತೀನಿ' ಎಂದು ಸಂದೇಶ ಕಳಿಸಿದ್ದಾರೆ (ಲಗತ್ತು 3).

5. ದಿನಾಂಕ 04-09-2023ರಂದು 'ಕೇಸ್ ಹಾಕಿದೀನಿ, ನಂಬರ್ ಆಗ್ಬೇಕು' ಎಂದು ಸಂದೇಶ ಕಳಿಸಿದ್ದಾರೆ (ಲಗತ್ತು 4)."

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎರಡನೆಯದು ಎಷ್ಟು ಗಟ್ಟಿ ಅನ್ನುವುದು ಗೊತ್ತಾಗುತ್ತದೆ. ಬೈಗುಳ ಒಂದೂ ಇಲ್ಲ. ಒಂದು ಪ್ಯಾರಾ, ಒಂದು ತಾರೀಖು, ಒಂದು ಘಟನೆ, ಒಂದು ಕಾಗದ. ಓದುವವರು ಐದನೇ ಪ್ಯಾರಾದ ಸಂದೇಶವನ್ನೂ ಇ-ಕೋರ್ಟ್ಸ್ ಪುಟವನ್ನೂ ನೋಡಿದಾಗ ಸುಳ್ಳು ಯಾವುದು ಅಂತ ಅವರಿಗೇ ಕಾಣುತ್ತದೆ. ಸುಳ್ಳು ಅನ್ನುವ ಪದವನ್ನು ನಾವು ಬರೆಯುವ ಅಗತ್ಯವೇ ಬರಲಿಲ್ಲ.

ನಗದಿಗೆ ರಸೀದಿ ಇಲ್ಲ ಅನ್ನುವುದನ್ನು ನಾವೇ ಒಪ್ಪಿಕೊಂಡೆವು ನೋಡಿ, ಅದು ಬೇಕೆಂದೇ ಮಾಡಿದ್ದು. ಮುಚ್ಚಿಟ್ಟರೆ ಎದುರಿನವರು ಎತ್ತಿ ತೋರಿಸುತ್ತಾರೆ. ಅಣ್ಣನ ಜೊತೆ ಸೇರಿಕೊಂಡಿದ್ದಾರೆ ಅನ್ನುವ ಸಾಲನ್ನು ಪೂರ್ತಿ ತೆಗೆದೆವು. ಚಿಕ್ಕಮ್ಮನಿಗೆ ಅದು ಇಷ್ಟವಾಗಲಿಲ್ಲ, ತುಂಬಾ ಹೊತ್ತು ವಾದ ಮಾಡಿದರು. ಆದರೆ ಅದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ. ಸಾಬೀತು ಮಾಡಲಾಗದ ಒಂದು ಆರೋಪ ಉಳಿದ ಆರು ಗಟ್ಟಿ ಸಂಗತಿಗಳನ್ನೂ ಸಡಿಲ ಮಾಡುತ್ತದೆ.

ಇನ್ನೊಂದು ಭೇದವನ್ನೂ ಪತ್ರ ಕಾಪಾಡಬೇಕು. ಕೇಸ್ ಸೋತರು, ವಾದ ಚೆನ್ನಾಗಿ ಮಾಡಲಿಲ್ಲ, ತಪ್ಪು ಸಲಹೆ ಕೊಟ್ಟರು, ಇಂಥವು ಸಾಮಾನ್ಯವಾಗಿ ವೃತ್ತಿ ದುರ್ನಡತೆ ಆಗುವುದಿಲ್ಲ. ಬರೀ ಅಜಾಗರೂಕತೆ ಸಾಲದು, ನಡತೆಯಲ್ಲೇ ದೋಷ ಇರಬೇಕು ಅನ್ನುವುದು ಕೋರ್ಟುಗಳು ಮೊದಲಿನಿಂದ ಹೇಳುತ್ತಾ ಬಂದ ಮಾತು. ಹಣ ತಗೊಂಡು ಕೆಲಸವನ್ನೇ ಶುರು ಮಾಡದೆ, ಮಾಡಿದ್ದೇನೆ ಎಂದು ಹೇಳಿ, ಲೆಕ್ಕ ಕೇಳಿದರೆ ಉತ್ತರ ಕೊಡದಿರುವುದು ನಡತೆಯ ಪ್ರಶ್ನೆ. ಅದಕ್ಕೇ ನಾವು ಸೈಟು ಹೋಯಿತು ಅನ್ನುವುದನ್ನು ಒಂದೇ ಪ್ಯಾರಾದಲ್ಲಿ ಇಸಿ ಜೊತೆಗೆ ಮುಗಿಸಿ, ಒತ್ತನ್ನೆಲ್ಲ ಹಣ, ಸಂದೇಶ, ಮೌನ ಈ ಮೂರರ ಮೇಲೆ ಇಟ್ಟೆವು.

ವಾಟ್ಸ್ಆ್ಯಪ್ ಸಂದೇಶಗಳನ್ನು ಬೇಕಾದಷ್ಟೇ ಕತ್ತರಿಸಿ ಸ್ಕ್ರೀನ್‌ಶಾಟ್ ತೆಗೆದರೆ ಅನುಮಾನಕ್ಕೆ ಎಡೆ. ಪೂರ್ತಿ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿ ಮುದ್ರಿಸಿ, ಬೇಕಾದ ಸಾಲುಗಳ ಪಕ್ಕ ಗುರುತು ಹಾಕಿ. ನೀವು ಸಿಟ್ಟಿನಲ್ಲಿ ಏನಾದರೂ ಅಂದಿದ್ದರೆ ಅದೂ ಇರಲಿ. ಆ ಫೋನನ್ನು ಮಾರಬೇಡಿ, ಸಂದೇಶ ಅಳಿಸಬೇಡಿ. ಮುಂದೆ ಸಾಕ್ಷ್ಯದ ಹಂತದಲ್ಲಿ ಡಿಜಿಟಲ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗಿ ಬರುತ್ತದೆ. ಲಗತ್ತುಗಳೆಲ್ಲ ನಕಲು ಮಾತ್ರ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.

ಸತ್ಯಾಪನೆಯಲ್ಲೂ ಒಂದು ಸೂಕ್ಷ್ಮ ಇದೆ. ನಿಮ್ಮ ಕಣ್ಣಾರೆ ಕಂಡದ್ದು ಯಾವ ಪ್ಯಾರಾ, ದಾಖಲೆ ನೋಡಿ ತಿಳಿದದ್ದು ಯಾವ ಪ್ಯಾರಾ ಅಂತ ಬೇರೆ ಮಾಡಿ ಬರೆಯಬೇಕು. ಹಣ ಕೊಟ್ಟದ್ದು ಚಿಕ್ಕಮ್ಮನ ಸ್ವಂತ ತಿಳಿವಳಿಕೆ. ಸೈಟು ಮಾರಾಟವಾದದ್ದು ಇಸಿಯಿಂದ ತಿಳಿದದ್ದು.

ಏನು ಕೇಳಬಹುದು, ಏನು ಸಿಗುವುದಿಲ್ಲ

ಕೊನೆಯ ಕೋರಿಕೆ ಸರಳವಾಗಿರಲಿ: ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ಈ ದೂರನ್ನು ಶಿಸ್ತು ಸಮಿತಿಗೆ ಒಪ್ಪಿಸಿ ಕ್ರಮ ಕೈಗೊಳ್ಳಬೇಕು. ದೂರು ಸಾಬೀತಾದರೆ ಸಮಿತಿ ಛೀಮಾರಿ ಹಾಕಬಹುದು, ಒಂದು ಅವಧಿಗೆ ವಕೀಲಿ ಮಾಡದಂತೆ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಹಣ ವಾಪಸ್ ಕೊಡಿಸುವುದು ಆ ಕಲಂನ ಶಿಕ್ಷೆಗಳಲ್ಲಿ ಇಲ್ಲ. ಹಣಕ್ಕೆ ಸಿವಿಲ್ ಕೋರ್ಟಿಗೆ ಹೋಗಬೇಕು, ಅದಕ್ಕೂ ಮೂರು ವರ್ಷದ ಮಿತಿ ಇದೆ. ಗ್ರಾಹಕರ ಆಯೋಗಕ್ಕೆ ಹೋಗಿ ಅಂತ ಈಗಲೂ ಹೇಳುವವರಿದ್ದಾರೆ. ಆ ದಾರಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ತೀರ್ಪು ಕೊಟ್ಟಿದೆ.

ದೂರು ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಆ ತಾರೀಖಿಗೆ ಬೆಲೆ ಇದೆ. ದೂರು ಬಂದ ದಿನದಿಂದ ಒಂದು ವರ್ಷದೊಳಗೆ ರಾಜ್ಯದ ಶಿಸ್ತು ಸಮಿತಿ ಪ್ರಕರಣ ಮುಗಿಸಬೇಕು, ಇಲ್ಲದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ ಎಂದು 36ಬಿ ಕಲಂ ಹೇಳುತ್ತದೆ. ಮೊದಲು ಪರಿಷತ್ತು ವಕೀಲರ ಉತ್ತರ ಕೇಳಬಹುದು. ದೂರಿನಲ್ಲಿ ಹುರುಳಿದೆ ಅನ್ನಿಸಿದರೆ ಮೂವರ ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಅಲ್ಲಿ ಕೋರ್ಟಿನ ಹಾಗೇ ಸಾಕ್ಷ್ಯ, ಪಾಟೀಸವಾಲು ಇರುತ್ತದೆ. ಪತ್ರದಲ್ಲಿ ಬರೆದ ಪ್ರತಿ ಸಾಲಿನ ಮೇಲೂ ನಿಮ್ಮನ್ನು ಪ್ರಶ್ನಿಸುತ್ತಾರೆ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ, ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ.

ಈ ನಡುವೆ ಫೇಸ್‌ಬುಕ್‌ನಲ್ಲೋ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲೋ ಹೆಸರು ಹಾಕಿ ಬರೆಯಬೇಡಿ. ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ದೂರು ಕೊಡುವುದನ್ನು ಮಾನನಷ್ಟದ ಕಾನೂನು ಹೊರಗಿಟ್ಟಿದೆ. ಗುಂಪಿನಲ್ಲಿ ಹಾಕಿದ ಪೋಸ್ಟಿಗೆ ಆ ರಕ್ಷಣೆ ಇಲ್ಲ.

ದೂರು ಕೊಟ್ಟ ಎರಡು ತಿಂಗಳಿಗೆ ಆ ವಕೀಲರು ಚಿಕ್ಕಮ್ಮನ ಮನೆಗೇ ಬಂದರು. ಕೈಯಲ್ಲಿ 40,000 ನಗದು, ದೂರು ವಾಪಸ್ ಪಡೆಯುತ್ತೇನೆ ಅನ್ನುವ ಟೈಪ್ ಮಾಡಿದ ಕಾಗದ. ಹಣ ಬಂದರೆ ಸಾಕು ಅಂತ ಇಂಥ ಹೊತ್ತಿನಲ್ಲಿ ಸಹಿ ಮಾಡಿಬಿಡುವವರೇ ಜಾಸ್ತಿ, ಅದನ್ನು ತಪ್ಪು ಅನ್ನಲಾರೆ. ಆದರೆ ನಿಯಮ ಹೇಳುವುದು ಬೇರೆ. ದೂರುದಾರರು ವಾಪಸ್ ಪಡೆದರು, ರಾಜಿಯಾಯಿತು ಅನ್ನುವ ಒಂದೇ ಕಾರಣಕ್ಕೆ ಪರಿಷತ್ತು ಪ್ರಕರಣವನ್ನು ಕೈಬಿಡುವಂತಿಲ್ಲ. ಚಿಕ್ಕಮ್ಮ ನಗದು ಬೇಡ, ಖಾತೆಗೆ ಹಾಕಿ ಅಂದರು. ಕಾಗದಕ್ಕೆ ಸಹಿ ಮಾಡಲಿಲ್ಲ. ಹಣ ಖಾತೆಗೆ ಬಂದ ಮಾರನೇ ದಿನ ಪರಿಷತ್ತಿನ ಕಾರ್ಯದರ್ಶಿಗೆ ತಾವೇ ಒಂದು ಪತ್ರ ಬರೆದರು. ನನ್ನ ಸಹಾಯ ಕೇಳಲಿಲ್ಲ. ಅದರಲ್ಲಿ ಇದ್ದದ್ದು ಎರಡೇ ಸಾಲು: "ವಕೀಲರಿಂದ 40,000 ರೂಪಾಯಿ ನನ್ನ ಖಾತೆಗೆ ಜಮಾ ಆಗಿದೆ, ಸ್ಟೇಟ್‌ಮೆಂಟ್ ಲಗತ್ತಿಸಿದೆ. ದೂರಿನ 3ರಿಂದ 9ನೇ ಪ್ಯಾರಾಗಳಲ್ಲಿ ನಾನು ಹೇಳಿರುವುದು ನಡೆದದ್ದು ನಿಜ."